ಸಿಗರೇಟ್ ಬಿಟ್ಟು ಬೀಡಿ ಹಿಡಿದರೆ ಅಪಾಯ ಕಮ್ಮಿಯಾಗುತ್ತಾ?

ಮದ್ದೂರು ಮಂಜು: ಅಪ್ಪನಿಗೆ 58 ವರ್ಷ. ದಿನಕ್ಕೆ ಒಂದು ಪ್ಯಾಕ್ ಸಿಗರೇಟ್ ಸೇದುತ್ತಿದ್ದವರು ಈಗ ಒಂದು ಕಟ್ಟು ಬೀಡಿಗೆ ಇಳಿದಿದ್ದಾರೆ. "ಬೀಡಿಯಲ್ಲಿ ಹೊಗೆಸೊಪ್ಪು ಕಮ್ಮಿ, ತೊಂದರೆನೂ ಕಮ್ಮಿ" ಅಂತಾರೆ. ಮೊನ್ನೆ ಆಸ್ಪತ್ರೆಯಲ್ಲಿ ಮೆಷಿನ್‌ಗೆ ಉಸಿರು ಊದಿಸಿದರು, ಕಾರ್ಬನ್ ಮಾನಾಕ್ಸೈಡ್ 7 ಬಂತು. "ನೋಡು, ಎದೆ ಕ್ಲೀನ್ ಇದೆ" ಅಂತ ಅವರಿಗೆ ಖುಷಿಯೋ ಖುಷಿ. ಇದು ನಿಜವಾ?

ಪುಟ್ಟಸ್ವಾಮಿ ಕೆ.: ನಿಮ್ಮ ಅಪ್ಪ ಹೇಳಿರೋದು ಸರಿಯಾಗಿದೆ. ಒಂದು ಬೀಡಿಯಲ್ಲಿ ಇರೋದು ಸುಮಾರು 0.2 ಗ್ರಾಂ ತಂಬಾಕು, ಸಿಗರೇಟಿನಲ್ಲಿ ಅದರ ನಾಲ್ಕು ಪಟ್ಟು ಹತ್ತಿರ ಇರುತ್ತೆ. ಬೀಡಿಯಲ್ಲಿ ಕಾಗದ ಇಲ್ಲ, ಫ್ಯಾಕ್ಟರಿಯಲ್ಲಿ ಬೆರೆಸೋ ಮಸಾಲೆ ಇಲ್ಲ. ಎಲೆ, ಸೊಪ್ಪು, ದಾರ, ಅಷ್ಟೇ. ನಾಲ್ಕನೇ ಒಂದು ಭಾಗ ತಂಬಾಕು ಅಂದ್ರೆ ನಾಲ್ಕನೇ ಒಂದು ಭಾಗ ಟಾರ್.

ಶೈಲಜಾ, ಮೈಸೂರು: ಪುಟ್ಟಸ್ವಾಮಿಯವರೇ, ತಂಬಾಕಿನ ತೂಕ ನೀವು ಹೇಳಿದ್ದು ಸರಿ. ಆದರೆ ಟಾರ್ ಲೆಕ್ಕ ಹಾಗೆ ಬರಲ್ಲ. ನಾನು ಹಲವು ವರ್ಷ ಶ್ವಾಸಕೋಶ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡಿದೀನಿ, ಉಸಿರು ಊದಿಸೋದೇ ನನ್ನ ಕೆಲಸ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳ್ತೀನಿ.

ಸಿಗರೇಟಿನ ಕಾಗದಕ್ಕೆ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳಿರುತ್ತವೆ. ಅದರಿಂದ ಗಾಳಿ ಒಳಗೆ ಹೋಗುತ್ತೆ, ಹೊಗೆ ಸ್ವಲ್ಪ ತೆಳುವಾಗುತ್ತೆ, ಕೈಯಲ್ಲಿ ಸುಮ್ನೆ ಹಿಡಿದಿದ್ದರೂ ಅದು ಉರೀತಾನೇ ಇರುತ್ತೆ. ಬೀಡಿ ಎಲೆ ಗಾಳಿ ಬಿಡಲ್ಲ. ಒಂದು ನಿಮಿಷ ಮಾತಾಡ್ತಾ ಕೂತರೆ ಬೀಡಿ ಆರಿಹೋಗುತ್ತೆ, ಮತ್ತೆ ಬೆಂಕಿಕಡ್ಡಿ ಗೀರಬೇಕು. ಬೀಡಿ ಸೇದೋರನ್ನ ಗಮನಿಸಿ, ಬೇಗ ಬೇಗ ಎಳೀತಾರೆ, ಕೆನ್ನೆ ಒಳಗೆ ಹೋಗೋ ಹಾಗೆ ಜೋರಾಗಿ ಎಳೀತಾರೆ. ಆರಬಾರದು ಅಂತ ಎಳೆಯೋ ಆ ದಮ್ಮೆಲ್ಲ ಎದೆಯೊಳಕ್ಕೇ ಹೋಗೋದು. ಗಾಳಿ ಸಾಲದೆ ಅರೆಬರೆ ಉರಿದಾಗ ಕಾರ್ಬನ್ ಮಾನಾಕ್ಸೈಡ್ ಜಾಸ್ತಿ ಹುಟ್ಟುತ್ತೆ. ಜೊತೆಗೆ ಎಲೆಯೂ ಸುಡುತ್ತೆ, ಅದರ ಹೊಗೆಯಲ್ಲೂ ಟಾರ್ ಇರುತ್ತೆ. ತಂಬಾಕು ಕಮ್ಮಿ ಇದ್ದರೂ ಒಂದು ಬೀಡಿಯಿಂದ ಬರೋ ಟಾರ್ ಮತ್ತು ಕಾರ್ಬನ್ ಮಾನಾಕ್ಸೈಡ್ ಸಿಗರೇಟಿನಷ್ಟೇ, ಎಷ್ಟೋ ಅಳತೆಗಳಲ್ಲಿ ಸಿಗರೇಟಿಗಿಂತ ಜಾಸ್ತಿ ಸಿಕ್ಕಿದೆ.

ಪಿರಿಯಾಪಟ್ಟಣದ ರೈತ: ಎಲ್ಲದಕ್ಕೂ ಹೊಗೆಸೊಪ್ಪನ್ನೇ ಬೈತೀರಿ. ನಾವು ಬೆಳೆಯೋ ಸೊಪ್ಪು ಬ್ಯಾರನ್‌ನಲ್ಲಿ ಹದವಾಗಿ ಬೆಂದು, ಗ್ರೇಡ್ ಆಗಿ, ಹರಾಜಿಗೆ ಹೋಗುತ್ತೆ. ಅದು ಬೀಡಿಗೆ ಹೋಗೋ ಸೊಪ್ಪೇ ಅಲ್ಲ. ಸೌದೆ ರೇಟು ಏನಾಗಿದೆ ಅಂತ ಯಾರಾದರೂ ಕೇಳ್ತೀರಾ?

ಶೈಲಜಾ, ಮೈಸೂರು: ಅಣ್ಣ, ಇಲ್ಲಿ ಬೆಳೆಗಾರರನ್ನ ಯಾರೂ ಬೈದಿಲ್ಲ. ನೀವು ಹೇಳಿದ್ದು ನಿಜ, ಹುಣಸೂರು, ಪಿರಿಯಾಪಟ್ಟಣದ ಸೊಪ್ಪು ಸಿಗರೇಟಿಗೆ, ಬೀಡಿಗೆ ನಿಪ್ಪಾಣಿ ಕಡೆಯದು, ಗುಜರಾತಿನದು. ಆದರೆ ಮಂಜು ಕೇಳಿರೋದು ಉರಿದ ಮೇಲಿನ ಕಥೆ. ಸೊಪ್ಪು ಯಾವ ಹೊಲದ್ದಾದರೂ ಉರಿದರೆ ಟಾರ್ ಬಂದೇ ಬರುತ್ತೆ.

ಅನಿಲ್ ಎಚ್.ಎಸ್.: ಮೇಡಂ, ಸಿಗರೇಟಿಗೆ ಫಿಲ್ಟರ್ ಇದೆಯಲ್ಲಾ? ಹಾಗಾದರೆ ಫಿಲ್ಟರ್ ಸಿಗರೇಟೇ ವಾಸಿ ಅಂತಾಯ್ತು. ನಾನು ದಿನಕ್ಕೆ ಎರಡೇ ಎರಡು ಸೇದೋದು.

ಶೈಲಜಾ, ಮೈಸೂರು: ಹಾಗೂ ಆಗಲ್ಲ ಅನಿಲ್. ಫಿಲ್ಟರ್ ಟಾರಿನ ಕಣಗಳಲ್ಲಿ ಒಂದಿಷ್ಟನ್ನ ಹಿಡಿಯುತ್ತೆ. ಕಾರ್ಬನ್ ಮಾನಾಕ್ಸೈಡ್ ಗಾಳಿಯಂಥದ್ದು, ಅದು ಸೀದಾ ದಾಟಿಕೊಂಡು ಬರುತ್ತೆ. ಕೆಲವು ಸಿಗರೇಟಿನ ಫಿಲ್ಟರ್ ಸುತ್ತ ಸಣ್ಣ ತೂತು ಕೊರೆದಿರುತ್ತಾರೆ. ಮೆಷಿನ್‌ನಲ್ಲಿಟ್ಟು ಎಳೆದಾಗ ಆ ತೂತಿನಿಂದ ಗಾಳಿ ಸೇರಿ ಟಾರ್ ಕಮ್ಮಿ ತೋರಿಸುತ್ತೆ. ಮನುಷ್ಯ ಸೇದುವಾಗ ಬೆರಳು, ತುಟಿ ಆ ತೂತುಗಳನ್ನೇ ಮುಚ್ಚುತ್ತೆ. ನಿಕೋಟಿನ್ ಸಾಲದಿದ್ದರೆ ಇನ್ನೂ ಆಳವಾಗಿ ಎಳೀತಾನೆ.

ದಿನಕ್ಕೆ ಎರಡೇ ಅಂತ ಸಮಾಧಾನ ಪಡಬೇಡಿ. 2018ರಲ್ಲಿ ಹಲವು ಅಧ್ಯಯನಗಳನ್ನ ಒಟ್ಟುಗೂಡಿಸಿ ನೋಡಿದಾಗ, ದಿನಕ್ಕೆ 20 ಸೇದೋರಿಗೆ ಎಷ್ಟು ಹೃದಯದ ಅಪಾಯ ಹೆಚ್ಚಾಗುತ್ತೋ ಅದರ ಅರ್ಧದ ಹತ್ತಿರ ದಿನಕ್ಕೆ ಒಂದೇ ಸೇದೋರಿಗೂ ಕಂಡಿತ್ತು.

ಪುಟ್ಟಸ್ವಾಮಿ ಕೆ.: ಮೆಷಿನ್ ಅಳತೆ ಸಿಗರೇಟಿಗೆ ಸುಳ್ಳಾದರೆ ಬೀಡಿಗೂ ಸುಳ್ಳೇ ಅಲ್ವಾ? ಬೀಡಿಯಲ್ಲಿ ಟಾರ್ ಜಾಸ್ತಿ ಅಂತ ಹೇಳೋಕೆ ಅದೇ ಮೆಷಿನ್ ಬೇಕು ನಿಮಗೆ.

ಶೈಲಜಾ, ಮೈಸೂರು: ಇದು ಸರಿಯಾದ ಪ್ರಶ್ನೆ. ಸಿಗರೇಟಿಗೆ ಇರೋ ಹಳೇ ನಿಯಮ ಅಂದರೆ ನಿಮಿಷಕ್ಕೊಂದು ದಮ್ಮು, ಎರಡು ಸೆಕೆಂಡು, 35 ಮಿಲಿಲೀಟರ್. ಆ ಲೆಕ್ಕದಲ್ಲಿ ಎಳೆದರೆ ಬೀಡಿ ಮಧ್ಯದಲ್ಲೇ ಆರುತ್ತೆ. ಅದಕ್ಕೇ ಬೀಡಿಗೆ ಹೆಚ್ಚು ಸಲ ಎಳೆಯೋ ಹಾಗೆ ಮಾಡ್ತಾರೆ, ಒಬ್ಬೊಬ್ಬರು ಒಂದೊಂದು ಥರ. ಹಾಗಾಗಿ ಎಷ್ಟು ಪಟ್ಟು ಅಂತ ಒಂದೇ ಅಂಕಿ ಹಿಡಿದು ವಾದ ಮಾಡೋಕೆ ನಾನೂ ಹೋಗಲ್ಲ. ನನಗೆ ನಂಬಿಕೆ ಇರೋದು ಸೇದಿದ ಮನುಷ್ಯನ ಉಸಿರು, ರಕ್ತದ ಮೇಲೆ. ಬೀಡಿ ಸೇದೋರು ಊದಿದಾಗ ಸಿಗರೇಟಿನವರಿಗಿಂತ ಕಮ್ಮಿ ಬರಬೇಕಿತ್ತಲ್ಲ, ನಮ್ಮ ಲ್ಯಾಬಿನಲ್ಲಿ ಹಾಗೆ ಬರ್ತಿರಲಿಲ್ಲ.

ಮಂಜು, ನಿಮ್ಮ ಅಪ್ಪ ಹಿಂದಿನ ಸಲ ಬೀಡಿ ಸೇದಿದ್ದು ಯಾವಾಗ? ಪರೀಕ್ಷೆ ಎಷ್ಟು ಗಂಟೆಗೆ?

ಮದ್ದೂರು ಮಂಜು: ಆಸ್ಪತ್ರೆಗೆ ಹೋಗಬೇಕು ಅಂತ ರಾತ್ರಿ ಹತ್ತಕ್ಕೆ ಕೊನೇ ಬೀಡಿ. ಬೆಳಿಗ್ಗೆ ಎಂಟೂವರೆಗೆ ಊದಿಸಿದರು. ಬೆಳಿಗ್ಗೆಯಿಂದ ಒಂದೂ ಮುಟ್ಟಿರಲಿಲ್ಲ.

ಶೈಲಜಾ, ಮೈಸೂರು: ಗುಟ್ಟು ಅಲ್ಲೇ ಇರೋದು. ಕಾರ್ಬನ್ ಮಾನಾಕ್ಸೈಡ್ ರಕ್ತದ ಕೆಂಪು ಕಣಕ್ಕೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅಂಟಿಕೊಳ್ಳುತ್ತೆ. ಸೇದೋದು ನಿಂತ ಮೇಲೆ ನಾಲ್ಕೈದು ಗಂಟೆಗೊಮ್ಮೆ ಅರ್ಧಕ್ಕೆ ಇಳಿಯುತ್ತೆ, ನಿದ್ದೆಯಲ್ಲಿ ಇನ್ನೂ ನಿಧಾನ. ಹತ್ತೂವರೆ ಗಂಟೆಯಲ್ಲಿ ಸುಮಾರು ಎರಡು ಸಲ ಅರ್ಧ ಆಗಿದೆ ಅಂತಿಟ್ಟುಕೊಳ್ಳಿ. 7ರ ಹಿಂದೆ 14, ಅದರ ಹಿಂದೆ 28. ಅಂದರೆ ರಾತ್ರಿ ಮಲಗುವಾಗ 28ರ ಆಸುಪಾಸು ಇದ್ದಿರಬೇಕು, ಅದು ಚೆನ್ನಾಗಿ ಸೇದೋರ ಅಂಕಿ. ಸೇದದವರಿಗೆ ಸಾಮಾನ್ಯವಾಗಿ 6ರ ಒಳಗೇ ಬರುತ್ತೆ. ಇನ್ನೊಂದು, ಈ ಮೆಷಿನ್ ಟಾರನ್ನ ಅಳೆಯೋದೇ ಇಲ್ಲ. ಶ್ವಾಸನಾಳ ಎಷ್ಟು ಕೆಟ್ಟಿದೆ ಅಂತ ಗೊತ್ತಾಗಬೇಕಾದರೆ ಸ್ಪೈರೋಮೆಟ್ರಿ ಮಾಡಿಸಿ.

ಪುಟ್ಟಸ್ವಾಮಿ ಕೆ.: ಸರಿ, ಅದನ್ನ ಒಪ್ತೀನಿ. ಆದರೆ 2008ರಲ್ಲಿ ಬಂದ ನಮ್ಮ ದೇಶದ್ದೇ ದೊಡ್ಡ ಅಧ್ಯಯನದಲ್ಲಿ, ಸಿಗರೇಟ್ ಸೇದೋ ಗಂಡಸರಿಗೆ ಆಯಸ್ಸು ಸುಮಾರು 10 ವರ್ಷ ಕಮ್ಮಿ, ಬೀಡಿಯವರಿಗೆ 6 ವರ್ಷ ಅಂತಿದೆ. ಇದಕ್ಕೇನಂತೀರಿ?

ಶೈಲಜಾ, ಮೈಸೂರು: ಅದು ಇದೆ, ಅಲ್ಲಗಳೆಯಲ್ಲ. ಅದೇ ಅಧ್ಯಯನದಲ್ಲಿ ಬೀಡಿ ಸೇದೋ ಹೆಂಗಸರಿಗೆ 8 ವರ್ಷ ಅಂತಿರೋದನ್ನೂ ಸೇರಿಸಿ ಓದಿ. ನಿಮ್ಮ ಮೊದಲ ಲೆಕ್ಕದ ಪ್ರಕಾರ ನಾಲ್ಕನೇ ಒಂದು ಭಾಗ ಅಪಾಯ ಇರಬೇಕಿತ್ತು, ಗಂಡಸರಿಗೆ ಎರಡೂವರೆ ವರ್ಷ. ಬಂದಿರೋದು ಆರು. ತಂಬಾಕು ತೂಕ ಹಾಕಿ ಅಪಾಯ ಅಳೆಯೋಕಾಗಲ್ಲ ಅನ್ನೋದಕ್ಕೆ ಇದಕ್ಕಿಂತ ಬೇರೆ ಬೇಕಾ?

ಪುಟ್ಟಸ್ವಾಮಿ ಕೆ.: ಆರು ಹತ್ತಕ್ಕಿಂತ ಕಮ್ಮಿನೇ ಅಲ್ವಾ ಮೇಡಂ. ನಾನು ಹೇಳೋದು ಅಷ್ಟೇ.

ಶೈಲಜಾ, ಮೈಸೂರು: ಅದು ಬೇರೆ ಬೇರೆ ಜನರ ಸರಾಸರಿ. ಸಿಗರೇಟಿನಿಂದ ಬೀಡಿಗೆ ಬದಲಾದ ಒಬ್ಬ ಮನುಷ್ಯನಿಗೆ ನಾಲ್ಕು ವರ್ಷ ವಾಪಸ್ ಸಿಗುತ್ತೆ ಅಂತ ಅದು ಹೇಳಲ್ಲ. ಸಿಗರೇಟಿನಲ್ಲಿ ಹೊಗೆ ಆಳವಾಗಿ ಎಳೆದು ಅಭ್ಯಾಸ ಆದವರು ಬೀಡಿಯನ್ನೂ ಹಾಗೇ ಎಳೀತಾರೆ.

ಮದ್ದೂರು ಮಂಜು: 28ರ ಲೆಕ್ಕ ಹೇಳಿದಾಗ ಅಪ್ಪ ಒಪ್ಪಲಿಲ್ಲ, "ಸಂಜೆ ಹೋಗಿ ಊದ್ತೀನಿ, ನೋಡೇಬಿಡೋಣ" ಅಂದರು. ಸಂಜೆ ಕರ್ಕೊಂಡು ಹೋಗೋದು ಸರೀನಾ?

ಶೈಲಜಾ, ಮೈಸೂರು: ಖಂಡಿತ ಹೋಗಿ. ಅವರು ದಿನಾ ಸೇದೋ ಹಾಗೇ ಸೇದಿರಲಿ, ಕೊನೇ ಬೀಡಿ ಆಗಿ ಎಷ್ಟು ಹೊತ್ತಾಯ್ತು ಅಂತ ಚೀಟಿಯಲ್ಲಿ ಬರೆಸಿ. ಮನೆಯಲ್ಲಿ ಸೌದೆ ಒಲೆ ಇದ್ದರೆ ಅದನ್ನೂ ಹೇಳಿ, ಆ ಹೊಗೆಯಿಂದಲೂ ಅಂಕಿ ಒಂಚೂರು ಏರುತ್ತೆ. ಮುಂದಿನ ಸಲವೂ ಅದೇ ಹೊತ್ತಿಗೆ ಹೋಗಿ, ಇಲ್ಲದಿದ್ದರೆ ಹೋಲಿಸೋಕಾಗಲ್ಲ. ಬಿಡೋಕೆ ಮನಸ್ಸು ಮಾಡಿದರೆ 1800-11-2356ಕ್ಕೆ ಫೋನ್ ಮಾಡಿಸಿ, ಅದು ಸರ್ಕಾರದ್ದು, ದುಡ್ಡು ಕೊಡಬೇಕಾಗಿಲ್ಲ.