ಸ್ಕ್ಯಾನ್ ಮಾಡಿಟ್ಟ ಪಿಡಿಎಫ್‌ಗಳಿಗೆ ಹೆಸರು ಹೇಗಿಡೋದು?

ಪ್ರಶ್ನೆ: ಮನೆ ಪೇಪರ್ ಎಲ್ಲಾ ಸ್ಕ್ಯಾನ್ ಮಾಡಿದೀನಿ, ಆದ್ರೆ ಎಲ್ಲದರ ಹೆಸರೂ `scan0043.pdf` ತರಾನೇ ಇದೆ. ಅಪ್ಪ, ಅಮ್ಮ, ನಾನು ಅಂತ ಫೋಲ್ಡರ್, ಅದರೊಳಗೆ ವಿಮೆ, ಬ್ಯಾಂಕ್, ಅದರೊಳಗೆ ವರ್ಷ ಅಂತ ಮಾಡ್ದೆ. ಈಗ ಕಾರ್ ಪಾಲಿಸಿ ಎಲ್ಲಿ ಹಾಕಿದೀನಿ ಅಂತ ನಂಗೇ ಗೊತ್ತಾಗ್ತಿಲ್ಲ. ಏನ್ಮಾಡ್ಲಿ?

ಆಫೀಸ್ ರೆಕಾರ್ಡ್ಸ್ ನೋಡ್ಕೊಳ್ಳೋರು: ಫೋಲ್ಡರ್ ಸದ್ಯಕ್ಕೆ ಬಿಡಿ, ಮೊದ್ಲು ಹೆಸರು. ಫೈಲನ್ನ ಯಾರಿಗಾದ್ರೂ ಮೇಲ್ ಮಾಡಿದ ತಕ್ಷಣ ಫೋಲ್ಡರ್ ಹಿಂದೆ ಉಳ್ಕೊಳುತ್ತೆ, ಹೆಸರೊಂದೇ ಜೊತೆಗೆ ಹೋಗೋದು, ಹಾಗಾಗಿ ಹೆಸರು ನೋಡಿದ್ರೆ ಸಾಕು ಏನು ಅಂತ ಗೊತ್ತಾಗ್ಬೇಕು.

ನಿಮ್ಮ ಕಾರ್ ಪಾಲಿಸಿನೇ ತಗೊಳ್ಳಿ. ಜೂನ್ 3ಕ್ಕೆ ದುಡ್ಡು ಕಟ್ಟಿದ್ರಿ, ಪಾಲಿಸಿ ಜೂನ್ 10ರಿಂದ ಶುರು, ನೀವು ಸ್ಕ್ಯಾನ್ ಮಾಡಿದ್ದು ಸೆಪ್ಟೆಂಬರಲ್ಲಿ ಅಂದ್ಕೊಳಿ. ಯಾವ ತಾರೀಕು ಹಾಕ್ತೀರಾ? ಸ್ಕ್ಯಾನ್ ಮಾಡಿದ ತಾರೀಕಂತೂ ಬೇಡ, ಅದರಿಂದ ಯಾವತ್ತೂ ಯಾರೂ ಹುಡುಕಲ್ಲ. ವಿಮೆಗೆ ನಾನು ಶುರುವಾಗೋ ತಾರೀಕೇ ಹಾಕೋದು, ಯಾಕಂದ್ರೆ ಆಮೇಲೆ ಕೇಳೋ ಪ್ರಶ್ನೆ "ಗಾಡಿ ಗುದ್ದಿದ ದಿನ ಯಾವ ಪಾಲಿಸಿ ಇತ್ತು" ಅಂತ. ಬಿಲ್, ಪತ್ರ ಇಂಥದ್ದಕ್ಕೆ ಪೇಪರ್ ಮೇಲೆ ಅಚ್ಚಾಗಿರೋ ತಾರೀಕು.

```
2023-06-10_vime_car_amma.pdf
2024-06-10_vime_car_amma.pdf
2024-06-10_vime_car_amma_rasidi.pdf
```

ರಸೀದಿಗೂ ಪಾಲಿಸಿ ತಾರೀಕೇ ಕೊಟ್ಟಿದೀನಿ ನೋಡಿ, ಕಟ್ಟಿದ್ದು 3ಕ್ಕಾದ್ರೂ. ಆಗ ಎರಡೂ ಅಕ್ಕಪಕ್ಕ ಕೂತ್ಕೊಳುತ್ತೆ. ವರ್ಷ ಮೊದ್ಲು ಬರಬೇಕು, ತಿಂಗಳು ದಿನ ಎರಡಂಕಿ ಇರಬೇಕು. `10-06-2024` ಅಂತ ದಿನದಿಂದ ಶುರು ಮಾಡಿದ್ರೆ ಎಲ್ಲಾ ವರ್ಷದ 10ನೇ ತಾರೀಕೂ ಒಂದು ಕಡೆ ಗುಂಪಾಗುತ್ತೆ, `03-01-2025` ಅದಕ್ಕೂ ಮುಂಚೆ ಹೋಗಿ ಕೂರುತ್ತೆ. ತಾರೀಕಿಗೆ ಸ್ಲ್ಯಾಶ್ ಹಾಕೋಕೆ ಹೋಗ್ಬೇಡಿ, ವಿಂಡೋಸ್ ತಗೊಳಲ್ಲ.

ಇನ್ನೊಬ್ಬರು: ಇಷ್ಟೆಲ್ಲಾ ಯಾಕೆ ಸಾರ್, ಎಲ್ಲಾ ಒಂದೇ ಫೋಲ್ಡರ್‌ಗೆ ಸುರಿದು ಸರ್ಚ್ ಕೊಡೋದಪ್ಪ. ಪಿಡಿಎಫ್ ಒಳಗಿನ ಅಕ್ಷರಾನೂ ಹುಡುಕುತ್ತೆ ಈಗ.

ರೆಕಾರ್ಡ್ಸ್ ನೋಡ್ಕೊಳ್ಳೋರು: ಹುಡುಕುತ್ತೆ, ಒಳಗೆ ಅಕ್ಷರ ಇದ್ರೆ. ಸ್ಕ್ಯಾನ್ ಅಂದ್ರೆ ಬರೀ ಫೋಟೋ ಇರಬಹುದು. ಫೈಲ್ ತೆಗೆದು ಮೌಸಲ್ಲಿ ಒಂದು ಪದ ಸೆಲೆಕ್ಟ್ ಮಾಡಿ ನೋಡಿ, ಆಗ್ಲಿಲ್ಲ ಅಂದ್ರೆ ಒಳಗೆ ಅಕ್ಷರ ಇಲ್ಲ, ಫೋಟೋ ನೋಡಿ ಅಕ್ಷರ ಓದೋ ಒಸಿಆರ್ ಓಡಿಸ್ಬೇಕು. ಓಡಿಸಿದ್ರೂ ಕೈಬರಹ, ಮಸುಕಾದ ಸೀಲು ಸರಿಯಾಗಿ ಓದುತ್ತೆ ಅಂತ ನಂಬ್ಕೋಬೇಡಿ. ಇನ್ನೊಂದು, ಗಾಡಿ ನಂಬರ್ ಹಾಕಿ ಹುಡುಕಿದ್ರೆ ಅಷ್ಟೂ ವರ್ಷದ ಪಾಲಿಸಿ ಒಟ್ಟಿಗೆ ಬರುತ್ತೆ, ಅದ್ರಲ್ಲಿ ನಿಮಗೆ ಬೇಕಾದ್ದು ಯಾವ್ದು ಅಂತ ಹೇಳೋದು ಮತ್ತೆ ಹೆಸರೇ.

ಮತ್ತೊಬ್ಬರು: ನಂದೂ ಇದೇ ಪ್ರಾಬ್ಲಮ್, ಪಿಡಿಎಫ್ 40 ಎಂಬಿ ಬರ್ತಿದೆ ಮೇಲ್ ಹೋಗ್ತಿಲ್ಲ, ಹೇಗೆ ಚಿಕ್ಕದು ಮಾಡೋದು?

ರೆಕಾರ್ಡ್ಸ್ ನೋಡ್ಕೊಳ್ಳೋರು: ಅದು ಬೇರೆ ವಿಷ್ಯ, ಕಲರ್ ಬಿಟ್ಟು ಗ್ರೇನಲ್ಲಿ ಸ್ಕ್ಯಾನ್ ಮಾಡಿ ನೋಡಿ.

ಈಗ ಫೋಲ್ಡರ್. ಕಾರ್ ಅಮ್ಮನ ಹೆಸರಲ್ಲಿದೆ, ದುಡ್ಡು ಅಪ್ಪ ಕಟ್ತಾರೆ, ಓಡಿಸೋದು ನೀವು ಅಂದ್ಕೊಳಿ, ಆಗ ಜನದ ಹೆಸರಿನ ಫೋಲ್ಡರ್ ಮಾಡಿದ್ರೆ ಒಂದೊಂದು ವರ್ಷ ಒಂದೊಂದು ಕಡೆ ಹೋಗುತ್ತೆ, ನಿಮಗಾಗಿರೋದೂ ಅದೇ ಅನ್ಸುತ್ತೆ. ಮೇಲೆ ವಿಮೆ, ಮನೆ, ಆರೋಗ್ಯ, ಬ್ಯಾಂಕ್, ಓದು ಅಂತ ಇಡಿ, ಯಾರದ್ದು ಅನ್ನೋದು ಫೈಲ್ ಹೆಸರಲ್ಲಿರ್ಲಿ. ವರ್ಷದ ಫೋಲ್ಡರ್ ಬೇಡ, ತಾರೀಕೇ ಆ ಕೆಲ್ಸ ಮಾಡುತ್ತೆ. ಒಂದು ಸಲ `vime` ಇನ್ನೊಂದು ಸಲ `insurance` ಅಂತ ಬರೀಬೇಡಿ, ಯಾವ ಪದ ಬಳಸ್ತೀರೋ ಅದನ್ನ ಒಂದು ಟೆಕ್ಸ್ಟ್ ಫೈಲಲ್ಲಿ ಬರ್ದು ಮೇಲೇ ಇಟ್ಟಿರಿ, ಮನೆಯವರೂ ನೋಡ್ಲಿ.

ಅಕೌಂಟ್ಸ್ ಕೆಲಸದವರು: ಆರೋಗ್ಯದ್ದು ಒಪ್ಪಲ್ಲ ನಾನು. ಡಾಕ್ಟ್ರ ಹತ್ರ ಹೋದಾಗ ಅಮ್ಮನ ರಿಪೋರ್ಟ್ ಅಷ್ಟೂ ಒಟ್ಟಿಗೆ ಬೇಕು, ಅಲ್ಲಿ ವ್ಯಕ್ತಿ ಹೆಸರಲ್ಲೇ ಫೋಲ್ಡರ್ ಬೇಕು. ಆಫೀಸಲ್ಲೂ ಅಷ್ಟೇ, ನಮ್ದು ಮೊದ್ಲು ಕ್ಲೈಂಟ್, ಆಮೇಲೆ ವರ್ಷ, ವರ್ಷ ಮುಗಿದ್ರೆ ಆ ಫೋಲ್ಡರ್ ಹಾಗೇ ಲಾಕ್.

ರೆಕಾರ್ಡ್ಸ್ ನೋಡ್ಕೊಳ್ಳೋರು: ಆರೋಗ್ಯಕ್ಕೆ ಸರಿ, ಅದೊಂದರ ಒಳಗೆ ಹೆಸರು ಹಾಕ್ಕೊಳ್ಲಿ. ವರ್ಷದ ಫೋಲ್ಡರ್ ಮಾತ್ರ ನಂಗೆ ಈಗ್ಲೂ ಇಷ್ಟ ಇಲ್ಲ, ಎರಡು ವರ್ಷಕ್ಕೆ ಹರಡಿರೋ ಒಪ್ಪಂದ ಎಲ್ಲಿ ಹಾಕ್ತೀರಾ?

ಅಕೌಂಟ್ಸ್ ಕೆಲಸದವರು: ಶುರುವಾದ ವರ್ಷಕ್ಕೆ. ನಮ್ಮಲ್ಲಿ ಯಾರೂ ಕಂಪ್ಲೇಂಟ್ ಮಾಡಿಲ್ಲ.

ಪ್ರಶ್ನೆ ಕೇಳಿದವರು: ಹಳೇದೆಲ್ಲಾ ಕೂತ್ಕೊಂಡು ರೀನೇಮ್ ಮಾಡ್ಬೇಕಾ ಹಾಗಾದ್ರೆ?

ರೆಕಾರ್ಡ್ಸ್ ನೋಡ್ಕೊಳ್ಳೋರು: ಬೇಡ. ಎಲ್ಲಾ `hale` ಅಂತ ಒಂದು ಫೋಲ್ಡರ್‌ಗೆ ಹಾಕಿ, ಹೊಸದಕ್ಕೆ ಇವತ್ತಿಂದ ಸರಿಯಾದ ಹೆಸರು, ಹಳೇದ್ರಲ್ಲಿ ಯಾವ್ದಾದ್ರೂ ಬೇಕಾಗಿ ತೆಗೆದಾಗ ಅದೊಂದಕ್ಕೆ ಹೆಸರಿಟ್ಟು ಹೊರಗೆ ತನ್ನಿ. ಜೀವ ಇರೋ ಪಾಲಿಸಿ, ಮನೆ ಪತ್ರ ಇಷ್ಟು ಮಾತ್ರ ಮೊದ್ಲೇ ಮಾಡ್ಬಿಡಿ. ಆಮೇಲೆ ಎಕ್ಸೆಲ್ ಶೀಟಲ್ಲಿ ಈ ಫೈಲ್‌ಗಳಿಗೆ ಲಿಂಕ್ ಕೊಟ್ಟಿದ್ರೆ ಹೆಸರು ಬದಲಾಯ್ಸಿದ ಕೂಡ್ಲೇ ಆ ಲಿಂಕ್ ಓಪನ್ ಆಗಲ್ಲ, ಅದನ್ನೂ ಅವಾಗ್ಲೇ ತಿದ್ದಿ.