ಪಿಕಪ್ ಆಗುತ್ತೆ, ಆದರೆ ಎರಡು ಮೂರು ಪಾರ್ಸೆಲ್ ಮಾತ್ರ ಸ್ಕ್ಯಾನ್ ಆಗಲ್ಲ. ತಪ್ಪು ಎಲ್ಲಿದೆ?

ಬಟ್ಟೆಚೀಲ:
ಮನೆಯಿಂದಲೇ ಬಟ್ಟೆ ಚೀಲ ಹೊಲಿದು ಮಾರುತ್ತೇನೆ. ದಿನಕ್ಕೆ 10–12 ಪಾರ್ಸೆಲ್ ಹೋಗುತ್ತವೆ. ಬೆಳಿಗ್ಗೆ ಆರ್ಡರ್ ನೋಡಿ, ಪ್ಯಾಕ್ ಮಾಡಿ, ಪಿಕಪ್ ಬುಕ್ ಮಾಡುತ್ತೇನೆ. ಮಧ್ಯಾಹ್ನ ಲೇಬಲ್ ಪ್ರಿಂಟ್. ಸಂಜೆ ಕೊರಿಯರ್ ಹುಡುಗ ಬರುತ್ತಾನೆ. ಎರಡು ಕೊರಿಯರ್ ಬಳಸುತ್ತೇನೆ. ಥರ್ಮಲ್ ಪ್ರಿಂಟರ್, 100×150 ಮಿ.ಮೀ. ರೋಲ್.

ಎರಡು ವಾರದಿಂದ ಒಂದು ತಲೆನೋವು. ಹುಡುಗ ಫೋನ್ ಹಿಡಿದು ಸ್ಕ್ಯಾನ್ ಮಾಡುವಾಗ ಎರಡೋ ಮೂರೋ ಪಾರ್ಸೆಲ್ ಹಿಡಿಯುವುದಿಲ್ಲ. ಹಿಂದೆ ಮುಂದೆ ಮಾಡಿ ನೋಡುತ್ತಾನೆ. ಕೊನೆಗೆ "ಆಫೀಸಲ್ಲಿ ಹಾಕಿಕೊಳ್ತೀನಿ ಮೇಡಂ" ಅಂತ ಚೀಲಕ್ಕೆ ತುಂಬಿಕೊಂಡು ಹೋಗುತ್ತಾನೆ. ಆಮೇಲೆ ಎರಡು ದಿನ "ಪಿಕಪ್ ಬಾಕಿ" ಅಂತಲೇ ತೋರಿಸುತ್ತದೆ. ಗ್ರಾಹಕರು "ಇನ್ನೂ ಕಳಿಸೇ ಇಲ್ವಾ?" ಅಂತ ಕೇಳುತ್ತಾರೆ. ಕೊಟ್ಟಿದ್ದಕ್ಕೆ ನನ್ನ ಹತ್ತಿರ ಏನೂ ಸಾಕ್ಷಿ ಇಲ್ಲ. ಕಣ್ಣಿಗೆ ಲೇಬಲ್ ಚೆನ್ನಾಗೇ ಕಾಣುತ್ತದೆ.

ರಟ್ಟಿನಡಬ್ಬ:
ಇದು ಪ್ರಿಂಟ್ ತೆಳುವಾಗಿರೋದು ಅಷ್ಟೇ. ಡಾರ್ಕ್‌ನೆಸ್ ಎರಡು ಮೂರು ಹಂತ ಜಾಸ್ತಿ ಮಾಡಿ. ಪ್ರಿಂಟರ್ ಹೆಡ್ ಒರೆಸಿ. ನನಗೂ ಹೀಗೇ ಆಗಿತ್ತು, ಅದರಲ್ಲೇ ಸರಿಹೋಯ್ತು.

ಮಳೆಬಿಲ್ಲು:
ನಮ್ಮ ಕಡೆ ಹುಡುಗ ಬರೋದೇ ಇಲ್ಲ! ಬಂದಿದ್ದೆ, ಬಾಗಿಲು ಹಾಕಿತ್ತು ಅಂತ ಹಾಕಿಬಿಡುತ್ತಾರೆ. ಮನೆಯಲ್ಲೇ ಕೂತಿರುತ್ತೇನೆ. ಯಾರಿಗೆ ದೂರು ಕೊಡಬೇಕು ಹೇಳಿ.

ಬಟ್ಟೆಚೀಲ:
@ಮಳೆಬಿಲ್ಲು ನನಗೆ ಹುಡುಗ ಬರುತ್ತಾನಮ್ಮ, ಆ ಸಮಸ್ಯೆ ಇಲ್ಲ.
@ರಟ್ಟಿನಡಬ್ಬ ಡಾರ್ಕ್‌ನೆಸ್ ಏರಿಸಿದೆ. ಇವತ್ತು ಮೂರರ ಬದಲು ನಾಲ್ಕು ಹಿಡಿಯಲಿಲ್ಲ.

ಹಳೇಗೋದಾಮು:
ಏರಿಸಬೇಡಿ, ಇಳಿಸಿ. ಬಿಸಿ ಜಾಸ್ತಿಯಾದರೆ ಕಪ್ಪು ಗೆರೆ ಊದಿಕೊಂಡು ನಡುವಿನ ಬಿಳಿ ಜಾಗ ಮುಚ್ಚುತ್ತದೆ. ಸ್ಕ್ಯಾನರ್‌ಗೆ ಕಪ್ಪು ಎಷ್ಟು ಮುಖ್ಯವೋ ಬಿಳಿಯೂ ಅಷ್ಟೇ ಮುಖ್ಯ. ಹೆಡ್ ಕೊಳೆಯಾಗಿದ್ದರೆ ಲೇಬಲ್ ಉದ್ದಕ್ಕೂ ಒಂದೇ ಜಾಗದಲ್ಲಿ ಬಿಳಿ ಎಳೆ ಬರುತ್ತದೆ. ನಿಮಗೆ ಹಾಗೆ ಬರುತ್ತಿಲ್ಲ ಅಲ್ವಾ?

ಮೂರು ವಿಷಯ ಹೇಳಿ. ಹಿಡಿಯದ ಪಾರ್ಸೆಲ್ಲೆಲ್ಲ ಒಂದೇ ಕೊರಿಯರ್‌ದಾ? ಆ ಲೇಬಲ್‌ನ ಪಿಡಿಎಫ್ ಅನ್ನು ಅಡೋಬ್ ರೀಡರ್‌ನಲ್ಲಿ ತೆರೆದು `Ctrl+D` ಒತ್ತಿದರೆ ಪುಟದ ಅಳತೆ ಎಷ್ಟು ತೋರಿಸುತ್ತದೆ? ಪ್ರಿಂಟ್ ಕೊಡುವಾಗ `Fit` ಇದೆಯಾ, `Actual size` ಇದೆಯಾ?

ಬಟ್ಟೆಚೀಲ:
ಬಿಳಿ ಎಳೆ ಇಲ್ಲ. ಮಿಕ್ಕಿದ್ದು ನೀವು ಕೇಳಿದ ಮೇಲೆ ಕೂತು ನೋಡಿದೆ. ಒಂದು ಬಿಟ್ಟು ಎಲ್ಲಾ ಎರಡನೇ ಕೊರಿಯರ್‌ದೇ! ಅದರ ಪುಟ 105×148 ಮಿ.ಮೀ. ಮೊದಲನೆಯದರ ಪುಟ 100×150. ಪ್ರಿಂಟ್‌ನಲ್ಲಿ `Fit` ಇದೆ, ಮೊದಲಿನಿಂದ ಹಾಗೇ ಇತ್ತು. ಎರಡನೇ ಕೊರಿಯರ್ ಶುರು ಮಾಡಿ ಎರಡೇ ವಾರ ಆಗಿದ್ದು.

ಹಳೇಗೋದಾಮು:
ಸಿಕ್ಕಿತು. 105 ಅಗಲದ ಪುಟವನ್ನು 100ಕ್ಕೆ ಕೂರಿಸಲು `Fit` ಅದನ್ನು 95 ಪರ್ಸೆಂಟ್‌ಗೆ ಕುಗ್ಗಿಸುತ್ತಿದೆ. ಓದೋ ಅಕ್ಷರಕ್ಕೆ ಅದರಿಂದ ಏನೂ ಆಗಲ್ಲ. ಬಾರ್‌ಕೋಡ್‌ಗೆ ಆಗುತ್ತದೆ.

ನಿಮ್ಮದು 203 ಡಿಪಿಐ ಪ್ರಿಂಟರ್ ಇರಬಹುದು, ಸಾಮಾನ್ಯವಾಗಿ ಎಲ್ಲರದ್ದೂ ಅದೇ. ಅಂದರೆ ಒಂದು ಮಿಲಿಮೀಟರ್‌ಗೆ 8 ಚುಕ್ಕೆ. ಬಾರ್‌ಕೋಡ್‌ನ ಅತಿ ಸಣ್ಣ ಗೆರೆ ಎರಡು ಚುಕ್ಕೆ ಅಗಲ ಅಂತ ಇಟ್ಟುಕೊಳ್ಳಿ. 95ಕ್ಕೆ ಕುಗ್ಗಿಸಿದರೆ ಅದು 1.9 ಚುಕ್ಕೆ ಆಗಬೇಕು. ಚುಕ್ಕೆಯನ್ನು ಕತ್ತರಿಸಿ ಹಾಕೋಕೆ ಪ್ರಿಂಟರ್‌ಗೆ ಬರಲ್ಲ. ಹಾಗಾಗಿ ಹೆಚ್ಚಿನ ಗೆರೆ ಎರಡೇ ಚುಕ್ಕೆ, ಅಲ್ಲಲ್ಲಿ ಒಂದು ಗೆರೆ ಒಂದೇ ಚುಕ್ಕೆ. ಗೆರೆಗಳ ಅಗಲದ ಲೆಕ್ಕದಲ್ಲೇ ನಂಬರ್ ಅಡಗಿರೋದು. ಆ ಲೆಕ್ಕ ತಪ್ಪಿದರೆ ಒಳ್ಳೆ ಬೆಳಕಲ್ಲಿ, ಒಳ್ಳೆ ಫೋನಲ್ಲಿ ಹಿಡಿಯುತ್ತದೆ. ಸಂಜೆ ಬಾಗಿಲ ಬಳಿ ಅವಸರದಲ್ಲಿ ಹಿಡಿಯಲ್ಲ. ಎಲ್ಲವೂ ಕೆಡದೆ ಎರಡು ಮೂರು ಮಾತ್ರ ಕೆಡೋದು ಇದಕ್ಕೇ.

ಒಂದು ಪರೀಕ್ಷೆ ಮಾಡಿ. ಅದೇ ಪಿಡಿಎಫ್ ಅನ್ನು ಮಾಮೂಲಿ ಎ4 ಕಾಗದದ ಮೇಲೆ `Actual size` ಇಟ್ಟು ತೆಗೆಯಿರಿ. ಎರಡರ ಬಾರ್‌ಕೋಡನ್ನೂ ಸ್ಕೇಲಿಟ್ಟು ಅಳೆಯಿರಿ.

ಬಟ್ಟೆಚೀಲ:
ಎ4 ಮೇಲೆ 58 ಮಿ.ಮೀ. ಲೇಬಲ್ ಮೇಲೆ 55! ಫೋನ್ ಕ್ಯಾಮೆರಾದಲ್ಲಿ ಜೂಮ್ ಮಾಡಿ ನೋಡಿದೆ. ಸಣ್ಣ ಗೆರೆಗಳಲ್ಲಿ ಕೆಲವು ಕೂದಲಿನಷ್ಟು ತೆಳು, ಪಕ್ಕದ್ದು ಅದರ ಎರಡರಷ್ಟು. ಇಷ್ಟು ದಿನ ಕಣ್ಣಿಗೆ ಬಿದ್ದೇ ಇರಲಿಲ್ಲ.

ಈಗ `Actual size` ಕೊಟ್ಟರೆ ಅಂಚು ಕತ್ತರಿಸಿ ಹೋಗಲ್ವಾ?

ಹಳೇಗೋದಾಮು:
ಹೋಗುತ್ತದೆ. ನಡುವೆ ಕೂತರೆ ಎರಡೂ ಪಕ್ಕದಲ್ಲಿ ಎರಡೂವರೆ ಮಿಲಿಮೀಟರ್. ಸಾಮಾನ್ಯವಾಗಿ ಅಲ್ಲಿ ಖಾಲಿ ಬಿಳಿ ಇರುತ್ತದೆ, ಆದರೂ ಒಂದು ತೆಗೆದು ನೋಡಿ. ಬಾರ್‌ಕೋಡ್‌ನ ಎಡಬಲದಲ್ಲಿ ಸಣ್ಣ ಗೆರೆಯ ಹತ್ತರಷ್ಟು ಬಿಳಿ ಜಾಗ ಉಳಿಯಬೇಕು, ನಿಮ್ಮ ಲೆಕ್ಕದಲ್ಲಿ ಎರಡೂವರೆ ಮಿ.ಮೀ. ಇದಕ್ಕಿಂತ ಒಳ್ಳೆಯದು, ಆ ಕೊರಿಯರ್‌ನ ಸೆಟ್ಟಿಂಗ್‌ನಲ್ಲಿ ಲೇಬಲ್ ಅಳತೆಯನ್ನೇ 100×150ಕ್ಕೆ ಬದಲಿಸೋದು. ಬಹಳ ಕಡೆ ಆ ಆಯ್ಕೆ ಇರುತ್ತದೆ.

ಇನ್ನೊಂದು. ಲೇಬಲ್ ಮೇಲೆ ಪ್ಲಾಸ್ಟಿಕ್ ಟೇಪ್ ಹಾಕುತ್ತೀರಾ? ಬಾರ್‌ಕೋಡ್ ಮೇಲಂತೂ ಬೇಡ. ಲೈಟು ಹೊಳೆದು ಕ್ಯಾಮೆರಾ ಸೋಲುತ್ತದೆ. ಪೆಟ್ಟಿಗೆಯ ಅಂಚಿನ ಮೇಲೆ ಮಡಚಿ ಅಂಟಿಸಿದರೂ ಅದೇ ಕಥೆ.

ಬಟ್ಟೆಚೀಲ:
ಅಳತೆ ಬದಲಿಸುವ ಆಯ್ಕೆ ಸಿಕ್ಕಿತು. ಡಾರ್ಕ್‌ನೆಸ್ ಹಳೇ ಜಾಗಕ್ಕೆ ಇಳಿಸಿದೆ. ನಿನ್ನೆ 12ಕ್ಕೆ 12 ಒಂದೇ ಸಲಕ್ಕೆ ಹಿಡಿದವು. ಹುಡುಗನೇ "ಇವತ್ತೇನು ಮೇಡಂ, ಬೇಗ ಆಯ್ತು" ಅಂದ.

ಇವತ್ತು 10ರಲ್ಲಿ ಒಂದು ಸ್ಕ್ಯಾನ್ ಆಯ್ತು, ಆದರೆ "ಪಟ್ಟಿಯಲ್ಲಿಲ್ಲ" ಅಂತ ಬಂತು. ಇದು ಮೊದಲನೇ ಕೊರಿಯರ್‌ದು. ಹಿಂದೆ "ಒಂದು ಬಿಟ್ಟು" ಅಂದೆನಲ್ಲ, ಅದೂ ಇಂಥದ್ದೇ ಇರಬೇಕು.

ಸಂಜೆಗಾಡಿ:
ನಾನು ಕೊರಿಯರ್‌ನಲ್ಲಿ ಪಿಕಪ್ ಮಾಡುತ್ತಿದ್ದವನು. ಆ ಲೇಬಲ್ ಎಷ್ಟು ಹೊತ್ತಿಗೆ ತೆಗೆದಿರಿ?

ಬಟ್ಟೆಚೀಲ:
ಪಿಕಪ್ ಬೆಳಿಗ್ಗೆ ಬುಕ್ ಮಾಡಿದ್ದೆ, 9 ಪಾರ್ಸೆಲ್ ಅಂತ. ಇದು ನಾಲ್ಕು ಗಂಟೆಗೆ ಬಂದ ಆರ್ಡರ್. ಜೊತೆಗೇ ಹೋಗಲಿ ಅಂತ ಸೇರಿಸಿದೆ.

ಸಂಜೆಗಾಡಿ:
ಅದೇ ಮೇಡಂ. ನಾವು ಹೊರಡೋ ಹೊತ್ತಿಗೆ ಫೋನಿಗೆ ಪಟ್ಟಿ ಬಂದಿರುತ್ತಿತ್ತು. ಆಮೇಲೆ ಹುಟ್ಟಿದ ಲೇಬಲ್ ಎಷ್ಟೋ ಸಲ ಅದರಲ್ಲಿ ಇರುತ್ತಿರಲಿಲ್ಲ. ಮೊದಲು ಲೇಬಲ್ ತೆಗೆದು, ಅಂಟಿಸಿ, ಎಣಿಸಿ, ಆಮೇಲೆ ಪಿಕಪ್ ಬುಕ್ ಮಾಡಿ. ತಡವಾಗಿ ಬಂದದ್ದು ನಾಳೆಗೆ ಇಡಿ.

ಮತ್ತೆ, ಮ್ಯಾನಿಫೆಸ್ಟ್ ಪಟ್ಟಿ ಎರಡು ಪ್ರತಿ ತೆಗೆದಿಡಿ. ಹುಡುಗನ ಹತ್ತಿರ ಎಷ್ಟು ಪಾರ್ಸೆಲ್ ಅಂತ ಬರೆಸಿ ಸಹಿ ಹಾಕಿಸಿ. ಬೇಜಾರು ಮಾಡಿಕೊಂಡರೂ ಹಾಕುತ್ತಾನೆ. ಹಿಡಿಯದ ಪಾರ್ಸೆಲ್‌ಗೆ ಬಾರ್‌ಕೋಡ್ ಕೆಳಗಿನ ನಂಬರನ್ನು ಕೈಯಲ್ಲೇ ಟೈಪ್ ಮಾಡೋಕೂ ಹೆಚ್ಚಿನ ಆ್ಯಪ್‌ಗಳಲ್ಲಿ ಬರುತ್ತದೆ. ನಾವು ಸುಮ್ನೆ ಸೋಮಾರಿತನಕ್ಕೆ ಆಫೀಸು ಅಂತಿದ್ದೆವು ಅಷ್ಟೇ.

ರಟ್ಟಿನಡಬ್ಬ:
ನಾನಂತೂ ಸ್ಕ್ಯಾನ್ ಆಗದ್ದನ್ನು ಕೊಡೋದೇ ಇಲ್ಲ ಈಗ. ಒಂದು ಕಳೆದುಹೋದಾಗ "ನಮ್ಮ ಕೈಗೆ ಬಂದೇ ಇಲ್ಲ" ಅಂದರು.

ಸಂಜೆಗಾಡಿ:
ಕೊಡದಿದ್ದರೆ ತಡವಾಯ್ತು ಅಂತ ನಿಮ್ಮ ಮೇಲೇ ಬರುತ್ತಲ್ಲ ಅಣ್ಣಾ. ನಂಬರ್ ಟೈಪ್ ಮಾಡಿಸಿ ಕೊಡಿ.

ರಟ್ಟಿನಡಬ್ಬ:
ಒಂದು ದಿನ ತಡ ಆದರೆ ಸಹಿಸಿಕೊಳ್ತೀನಿ. ಸಾಮಾನೇ ಹೋದರೆ ಯಾರು ಕೊಡ್ತಾರೆ?

ಹಳೇಗೋದಾಮು:
ಸಾಮಾನಿನ ಬೆಲೆ ನೋಡಿ ಅವರವರೇ ತೀರ್ಮಾನ ಮಾಡಬೇಕು. ನಾನಾದರೆ ಟೈಪ್ ಮಾಡಿಸಿ, ಅವನ ಫೋನಲ್ಲಿ ಎಣಿಕೆ ಒಂದು ಏರಿದ್ದು ಕಣ್ಣಲ್ಲಿ ನೋಡಿ, ಆಮೇಲೆ ಪಾರ್ಸೆಲ್ ಕೈಬಿಡುತ್ತೇನೆ.

ಮಳೆಬಿಲ್ಲು:
ನನ್ನ ಹುಡುಗ ಬಂದರೆ ತಾನೇ ಎಣಿಸೋದು.