ಸಹಾಯ ಬೇಕು: I = P × A × T ಲೆಕ್ಕದಲ್ಲಿ ಜನಸಂಖ್ಯೆಯ ಪಾಲು ಎಷ್ಟು?

ಪದವಿಪೂರ್ವ ತರಗತಿಗೆ ಪರಿಸರ ಪಾಠ ಮಾಡುತ್ತೇನೆ. ಪರಿಣಾಮವೆಂದರೆ ಜನಸಂಖ್ಯೆ, ತಲಾ ಅನುಭೋಗ ಮತ್ತು ತಂತ್ರಜ್ಞಾನಗಳ ಗುಣಲಬ್ಧ ಎಂದು ಹೇಳಿ, ಭಾರತದ ಉದಾಹರಣೆ ಕೊಟ್ಟೆ. 1990ರಿಂದ 2019ರವರೆಗೆ ನಮ್ಮ ಜನಸಂಖ್ಯೆ ಸುಮಾರು 1.6 ಪಟ್ಟಾಯಿತು, ಇಂಗಾಲದ ಡೈಆಕ್ಸೈಡ್ ಹೊರಸೂಸುವಿಕೆ ನಾಲ್ಕು ಪಟ್ಟು ಮೀರಿತು. ಲೆಕ್ಕ ಸುಲಭವಾಗಲೆಂದು 4 ಎಂದೇ ಇಟ್ಟುಕೊಂಡರೆ, 4 ÷ 1.6 = 2.5, ಇದು A × T ಪಾಲು.

ಒಬ್ಬ ಹುಡುಗಿ ಎದ್ದು, "ಹಾಗಾದರೆ ಜನಸಂಖ್ಯೆಯದು ಶೇಕಡಾ ಎಷ್ಟು?" ಎಂದಳು. ಗುಣಾಕಾರವನ್ನು ಕೂಡುವ ಲೆಕ್ಕದಂತೆ ಹಂಚಲಾಗದು. ಲಾಗರಿದಮ್ ತೆಗೆದರೆ ln 1.6 ÷ ln 4, ಅಂದರೆ ಸುಮಾರು ಮೂರನೆಯ ಒಂದು ಭಾಗ ಬರುತ್ತದೆ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಆದರೆ ಅವಳೇ ಮುಂದುವರಿದು, "ಆದಾಯ ಏರಿದಂತೆ ಜನಸಂಖ್ಯಾ ಪರಿವರ್ತನೆಯ ಮೂರನೆಯ ಹಂತದಲ್ಲಿ ಜನನ ದರ ಇಳಿಯುತ್ತದೆ ಎಂದಿರಿ, ಆಗ A ಏರಿದ್ದರಿಂದಲೇ P ತಗ್ಗುತ್ತದಲ್ಲವೇ?" ಎಂದಾಗ ನಾನು ಸುಮ್ಮನಾದೆ. ಸೂತ್ರ ಮೂರನ್ನೂ ಸ್ವತಂತ್ರವೆಂದು ಹಿಡಿಯುತ್ತದೆ, ಅದೇ ತೊಡಕು.

ಇನ್ನೊಂದು ಗೊಂದಲವೂ ಇದೆ. 2019–21ರ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಒಟ್ಟು ಫಲವತ್ತತೆ ದರ, ಅಂದರೆ ಒಬ್ಬ ಮಹಿಳೆಗೆ ಸರಾಸರಿ ಮಕ್ಕಳು, 1.7; ಜನಸಂಖ್ಯೆ ಸ್ಥಿರವಾಗಿರಲು ಬೇಕಾದ ಬದಲಿ ಮಟ್ಟ 2.1, ಆದರೂ ಜನರ ಸಂಖ್ಯೆ ಏರುತ್ತಿದೆ. ಹೆರುವ ವಯಸ್ಸಿನವರು ಹೆಚ್ಚಿರುವುದು ಒಂದು ಕಾರಣ ಎಂದಿದ್ದೇನೆ. P ಮತ್ತು A ನಡುವಿನ ಈ ನಂಟನ್ನು ಕರಿಹಲಗೆಯ ಮೇಲೆ ಅಂಕಿಗಳಿಂದ ತೋರಿಸಿದವರಿದ್ದರೆ, ಹೇಗೆಂದು ದಯವಿಟ್ಟು ತಿಳಿಸಿ. ಗುರುವಾರ ಮತ್ತೆ ಅದೇ ತರಗತಿ ಇದೆ.